ಕನಸು ಕೇಳಿದವರು ಕೇಡು ನುಡಿಯಬಾರದು, ಯಾಕೆ?

ಹಾಸನ, ಬೇಲೂರು, ಸಕಲೇಶಪುರದ ಕಡೆ ಕನಸಿಗೆ ಅರ್ಥ ಹೇಳುವವರಿಗೆ ಬರ ಇಲ್ಲ. ಬೀದಿಗೊಬ್ಬರು ಅಜ್ಜಿ ಇದ್ದೇ ಇರುತ್ತಾರೆ. ಶಾಸ್ತ್ರ ಹೇಳುವವರಿದ್ದಾರೆ. ಈಗ ಮೊದಲು ದುಡ್ಡು ಹಾಕಿಸಿಕೊಂಡು ಆಮೇಲೆ ಫೋನಲ್ಲಿ ಫಲ ಹೇಳುವವರೂ ಬಂದಿದ್ದಾರೆ. ಹಲ್ಲು ಬಿದ್ದರೆ ಮನೆಯಲ್ಲಿ ಸಾವು, ಮದುವೆ ಕಂಡರೆ ಸೂತಕ, ತಾಳಿ ಕಳಚಿದರೆ ಗಂಡನಿಗೆ ಕಂಟಕ. ಈ ಪಟ್ಟಿ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ.

ನಾನೂ ಜನರ ಕನಸು ಕೇಳುವವನೇ. ಕನಸೆಲ್ಲ ಸುಳ್ಳು, ಅದಕ್ಕೆ ಅರ್ಥವೇ ಇಲ್ಲ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ನನ್ನ ಪ್ರಕಾರ ಕನಸಿನಲ್ಲಿ ತುಂಬಾ ಸಂಗತಿ ಇರುತ್ತದೆ. ಆದರೆ ಕನಸು ಕೇಳಿದವರ ಬಾಯಿಂದ ಮೂರು ಮಾತು ಬರಬಾರದು: ನಿಮಗೆ ಕಾಯಿಲೆ ಬರುತ್ತೆ, ನಿಮ್ಮ ಸಂಸಾರ ಮುರಿಯುತ್ತೆ, ನಿಮ್ಮವರೊಬ್ಬರು ಸಾಯ್ತಾರೆ. ಮಳೆ ಬರುತ್ತೆ ಅಂತ ಕನಸು ನೋಡಿ ಹೇಳಿದರೆ ತೊಂದರೆ ಇಲ್ಲ. ನೀವು ಹೇಳಿದಿರಿ ಅಂತ ಮಳೆ ಬರುವುದಿಲ್ಲ, ನಿಲ್ಲುವುದೂ ಇಲ್ಲ. ಈ ಮೂರು ಹಾಗಲ್ಲ. ಇವನ್ನು ಕೇಳಿಸಿಕೊಂಡವರ ಮೈ, ಮನಸ್ಸು, ನಡವಳಿಕೆ ಅವತ್ತಿನಿಂದಲೇ ಬದಲಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ನಿಜವಾಗಿ ನಡೆದದ್ದಲ್ಲ, ನಾನೇ ಕಟ್ಟಿದ್ದು. ಆದರೆ ನಮ್ಮ ಕಡೆಯವರಿಗೆ ಅಪರಿಚಿತ ಅಂತ ಅನ್ನಿಸಲಿಕ್ಕಿಲ್ಲ.

ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟು. ಅಲ್ಲಿ ಲೆಕ್ಕ ಬರೆಯುವ ರೈಟರ್‌ನ ಹೆಂಡತಿಗೆ ಜನವರಿ ತಿಂಗಳ ಒಂದು ಬೆಳಗಿನ ಜಾವ ಕನಸು ಬೀಳುತ್ತದೆ. ಕಣದಲ್ಲಿ ಕಾಫಿ ಹಣ್ಣು ಹರವಿದ್ದಾರೆ. ಅವಳ ತಾಳಿ ಸರ ಕಳಚಿ ಅದರೊಳಗೆ ಬಿದ್ದಿದೆ. ಎರಡೂ ಕೈಯಲ್ಲಿ ಹಣ್ಣು ಕೆದಕಿ ಹುಡುಕುತ್ತಾಳೆ, ಸಿಗುವುದಿಲ್ಲ. ಗಂಡ ಆಚೆ ನಿಂತು ಮೂಟೆ ಎಣಿಸುತ್ತಿದ್ದಾನೆ. ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. ಎಚ್ಚರ ಆದಾಗ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಾಳೆ. ಎದೆ ಇನ್ನೂ ಢವಢವ ಅನ್ನುತ್ತಿದೆ.

ಯಾರನ್ನೋ ಕೇಳುತ್ತಾಳೆ. ಅವರು ಅರ್ಧ ಕೇಳಿಸಿಕೊಂಡು, "ತಾಳಿ ಕಳಚಿತಾ? ಗಂಡ ಬೆನ್ನು ತಿರುಗಿಸಿದ್ನಾ? ಹಾಗಾದ್ರೆ ವರ್ಷದೊಳಗೆ ನೀವಿಬ್ರೂ ಬೇರೆ ಆಗ್ತೀರಮ್ಮ" ಅಂದುಬಿಡುತ್ತಾರೆ.

ಈಗ ಅವಳ ಮನೆಯೊಳಗೆ ಏನಾಗುತ್ತೆ ನೋಡಿ. ಜನವರಿ ಅಂದರೆ ಕೊಯ್ಲಿನ ಕಾಲ. ಅರೇಬಿಕಾ ಮುಗಿಯುತ್ತಾ ಬಂದಿರುತ್ತದೆ, ರೊಬಸ್ಟಾ ಶುರುವಾಗಿರುತ್ತದೆ. ತೂಕ, ಲೆಕ್ಕ, ಬಟವಾಡೆ ಅಂತ ರೈಟರ್ ಮನೆ ಸೇರುವುದು ರಾತ್ರಿಯೇ. ಹೋದ ವರ್ಷವೂ ಹಾಗೇ ಬರುತ್ತಿದ್ದ, ಅದರ ಹಿಂದಿನ ವರ್ಷವೂ ಹಾಗೇ. ಆಗ ಅವಳಿಗೆ ಅದು ಕೆಲಸ ಅನ್ನಿಸುತ್ತಿತ್ತು. ಈಗ ಅದೇ ತಡ ಬೇರೆ ಏನನ್ನೋ ಹೇಳುತ್ತದೆ. ಅವನು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡುತ್ತಾಳೆ. ಏನೂ ಸಿಗುವುದಿಲ್ಲ. ಸಿಗದಿದ್ದರೆ ಸಮಾಧಾನ ಆಗಬೇಕಲ್ವಾ? ಆಗುವುದಿಲ್ಲ, ಅಳಿಸಿಹಾಕಿದ್ದಾನೆ ಅನ್ನಿಸುತ್ತದೆ. ಮಾತು ಮೊನಚಾಗುತ್ತದೆ. ಯಾಕೆ ಅಂತ ಅವನಿಗೆ ತಿಳಿಯುವುದಿಲ್ಲ, ಅವಳು ಹೇಳುವುದೂ ಇಲ್ಲ. ಹೇಳಿದರೆ ಫಲಿಸಿಬಿಡುತ್ತೇನೋ ಅನ್ನುವ ಭಯ. ಅವನು ಇನ್ನೂ ತಡ ಮಾಡಿ ಬರಲು ಶುರು ಮಾಡುತ್ತಾನೆ, ಈ ಸಲ ನಿಜಕ್ಕೂ ಮನೆಯ ಜಗಳ ತಪ್ಪಿಸಿಕೊಳ್ಳೋಕೆ. ಮಾರ್ಚ್ ಹೊತ್ತಿಗೆ ಅವಳು ತವರಿನಲ್ಲಿ.

ಆಗ ಎಲ್ಲರೂ ಏನಂತಾರೆ? "ನೋಡಿ, ಅವರು ಆವತ್ತೇ ಹೇಳಿದ್ರು."

ಹೇಳಿದವರಿಗೆ ಒಳ್ಳೆ ಹೆಸರು ಬರುತ್ತದೆ. ಆದರೆ ಕನಸಿನಿಂದ ತವರಿನವರೆಗಿನ ಪ್ರತಿ ಹೆಜ್ಜೆಯೂ ಆ ಮಾತಿನಿಂದಲೇ ಹುಟ್ಟಿದ್ದು. ದಾಂಪತ್ಯದ ವಿಷಯದಲ್ಲಿ ಭವಿಷ್ಯ ಹೇಳುವುದು ಯಾಕೆ ಅಷ್ಟು ಅಪಾಯ ಅಂದರೆ ಸಂಸಾರ ನಡೆಯುವುದೇ ಒಬ್ಬರ ಮೇಲೊಬ್ಬರಿಗಿರುವ ನಂಬಿಕೆಯ ಮೇಲೆ, ಭವಿಷ್ಯ ಹೋಗಿ ಕೈ ಹಾಕುವುದೂ ಅಲ್ಲಿಗೇ.

ಕಾಯಿಲೆಯ ಮಾತು ಇನ್ನೂ ನೇರವಾಗಿ ಮೈಗೇ ತಗಲುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ನೊಸೀಬೊ ಅಂತಾರೆ. ಕೆಟ್ಟದಾಗುತ್ತೆ ಅಂತ ನಂಬಿದ್ದಕ್ಕೇ ಕೆಟ್ಟ ಲಕ್ಷಣ ಕಾಣಿಸಿಕೊಳ್ಳುವುದು. 2007ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನ ಇದಕ್ಕೆ ಒಳ್ಳೆ ಉದಾಹರಣೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ಗಂಡಸರಿಗೆ ಫಿನಾಸ್ಟರೈಡ್ ಅನ್ನುವ ಮಾತ್ರೆ ಕೊಟ್ಟರು. ಎಲ್ಲರಿಗೂ ಅದೇ ಮಾತ್ರೆ. ಅರ್ಧ ಜನಕ್ಕೆ "ಇದರಿಂದ ಲೈಂಗಿಕ ತೊಂದರೆ ಆಗಬಹುದು, ಆದರೆ ಅಪರೂಪ" ಅಂತ ಹೇಳಿದರು. ಉಳಿದ ಅರ್ಧಕ್ಕೆ ಹೇಳಲಿಲ್ಲ. ವರ್ಷ ಕಳೆದ ಮೇಲೆ ಕೇಳಿದರೆ, ಹೇಳಿಸಿಕೊಳ್ಳದವರಲ್ಲಿ ನೂರಕ್ಕೆ ಸುಮಾರು 15 ಜನ ತೊಂದರೆ ಇದೆ ಅಂದರು. ಹೇಳಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 44. ವೈದ್ಯರು ಹಗುರವಾಗಿ ಹೇಳಿದ ಒಂದು ಸಾಲು ಇಷ್ಟು ಮಾಡಿತು. ಇನ್ನು "ನಿಮ್ಮ ಹೊಟ್ಟೆಯೊಳಗೆ ಏನೋ ಬೆಳೀತಿದೆ, ಕನಸಲ್ಲಿ ಹಾವು ಸುತ್ತಿದ್ದು ಅದೇ" ಅಂತ ಒಬ್ಬರು ಗಂಭೀರವಾಗಿ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರೆ?

ಅಲ್ಲಿಂದ ಎರಡು ದಾರಿ. ಕೆಲವರು ಹೊಟ್ಟೆಯ ಪ್ರತಿ ಗುಡುಗುಡು ಸದ್ದನ್ನೂ ಕೇಳಿಸಿಕೊಳ್ಳುತ್ತಾ ಕೂರುತ್ತಾರೆ. ಭಯಕ್ಕೇ ಹಸಿವು ಹೋಗುತ್ತದೆ, ನಿದ್ದೆ ಹೋಗುತ್ತದೆ, ತೂಕ ಇಳಿಯುತ್ತದೆ. ತೂಕ ಇಳಿದಿದ್ದೇ ಮತ್ತೊಂದು ಸಾಕ್ಷಿ ಆಗುತ್ತದೆ. ಸ್ಕ್ಯಾನ್ ಸರಿ ಇದ್ದರೂ ಇನ್ನೊಂದು ಊರಲ್ಲಿ ಇನ್ನೊಂದು ಸ್ಕ್ಯಾನ್. ಇನ್ನು ಕೆಲವರು ಆಸ್ಪತ್ರೆಗೇ ಹೋಗುವುದಿಲ್ಲ. ಪರಿಹಾರ ಮಾಡಿಸುತ್ತಾರೆ, ದೋಷ ಹೋಯಿತು ಅಂತ ನಿರಾಳವಾಗುತ್ತಾರೆ. ಅವರಲ್ಲಿ ಯಾರಿಗಾದರೂ ನಿಜವಾದ ಕಾಯಿಲೆ ಇದ್ದರೆ ಅದು ಸದ್ದಿಲ್ಲದೆ ಬೆಳೆಯುತ್ತದೆ. ಈ ಎರಡನೆಯವರ ಬಗ್ಗೆ ನನಗೆ ಜಾಸ್ತಿ ಚಿಂತೆ.

ಪರಿಹಾರ ಅಂದ ತಕ್ಷಣ ಒಂದು ಮಾತು. ಕೇಡು ನುಡಿದು ಅದಕ್ಕೆ ಪರಿಹಾರ ಮಾರುವವರು ಯಾವತ್ತೂ ಸೋಲುವುದಿಲ್ಲ, ಗಮನಿಸಿದ್ದೀರಾ? ಕೇಡು ಆದರೆ "ಹೇಳಿದ್ದೆ". ಆಗದಿದ್ದರೆ "ಪೂಜೆಯಿಂದ ತಪ್ಪಿತು". ಎರಡು ಕಡೆಯಿಂದಲೂ ಗೆಲ್ಲುವ ಮಾತನ್ನು ಪರೀಕ್ಷೆ ಮಾಡೋಕೇ ಆಗುವುದಿಲ್ಲ.

"ಇದೆಲ್ಲ ಸರಿ, ಆದ್ರೆ ನಮ್ಮ ಚಿಕ್ಕಮ್ಮಂಗೆ ಅಜ್ಜ ಸತ್ತ ಹಾಗೆ ಕನಸು ಬಿತ್ತು, ನಾಲ್ಕೇ ದಿನಕ್ಕೆ ಅಜ್ಜ ಹೋಗ್ಬಿಟ್ರು" ಅನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹಾಗೆ ಆಗುತ್ತದೆ. ಎಷ್ಟು ಸಲ ಆಗಬೇಕು ಅಂತ ನಾವೇ ಲೆಕ್ಕ ಹಾಕಬಹುದು.

2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ಅದರಲ್ಲಿ ದೊಡ್ಡವರು 10 ಲಕ್ಷ ಅಂತ ಹಿಡಿಯೋಣ. ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ, ವರ್ಷಕ್ಕೆ ಒಂದೇ ಸಲ, ಮನೆಯ ಹಿರಿಯರೊಬ್ಬರು ಸತ್ತ ಹಾಗೆ ಕನಸು ಬೀಳುತ್ತದೆ ಅಂದುಕೊಳ್ಳಿ. ಅಂದರೆ 1 ಲಕ್ಷ ಕನಸು. ಹಾಗೆ ಕನಸಿನಲ್ಲಿ ಬಂದ ಹಿರಿಯರಲ್ಲಿ ವರ್ಷಕ್ಕೆ ನೂರಕ್ಕೆ ಐದು ಜನ ವಯಸ್ಸಾಗಿ ತೀರಿಕೊಳ್ಳುತ್ತಾರೆ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 52 ವಾರ. ಹಾಗಾದರೆ ಕನಸು ಬಿದ್ದ ಮುಂದಿನ ಒಂದು ವಾರದಲ್ಲೇ ಆ ಹಿರಿಯರು ಹೋಗುವ ಸಾಧ್ಯತೆ ಸಾವಿರಕ್ಕೆ ಒಂದರಷ್ಟು. 1 ಲಕ್ಷ ಕನಸಿನಲ್ಲಿ ಸುಮಾರು ನೂರು. ಕನಸಿಗೂ ಸಾವಿಗೂ ಯಾವ ಸಂಬಂಧವೂ ಇಲ್ಲದೆ, ಸುಮ್ನೆ ಕಾಕತಾಳೀಯವಾಗಿ, ಹಾಸನ ಒಂದೇ ಜಿಲ್ಲೆಯಲ್ಲಿ ವರ್ಷಕ್ಕೆ ನೂರು ಮನೆಯಲ್ಲಿ "ಕನಸು ನಿಜ ಆಯ್ತು" ಅನ್ನುವ ಕಥೆ ಹುಟ್ಟಬೇಕು. ಆ ಕಥೆಯನ್ನು ಮೂವತ್ತು ವರ್ಷ ಹೇಳುತ್ತಾರೆ. ಉಳಿದ 99,900 ಕನಸು ಮರುದಿನ ತಿಂಡಿ ಹೊತ್ತಿಗೆ ಮರೆತುಹೋಗಿರುತ್ತವೆ. ನನ್ನ ಅಂದಾಜಿನ ಅಂಕಿಗಳನ್ನು ನೀವು ಬದಲಾಯಿಸಿ ನೋಡಿ, ನೂರು ಐವತ್ತಾಗಬಹುದು, ಇನ್ನೂರಾಗಬಹುದು. ಸೊನ್ನೆ ಆಗುವುದಿಲ್ಲ.

ಹಾಗಾದರೆ ಮರೆತುಹೋದ ಕನಸುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಏನಾಗುತ್ತೆ? ಅದನ್ನೂ ಒಮ್ಮೆ ಮಾಡಿ ನೋಡಿದ್ದಾರೆ. 1932ರ ಮಾರ್ಚ್ 1ರಂದು ಅಮೆರಿಕದಲ್ಲಿ, ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ವಿಮಾನದಲ್ಲಿ ದಾಟಿ ಹೆಸರಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಪುಟ್ಟ ಮಗುವನ್ನು ಯಾರೋ ಅಪಹರಿಸಿದರು. ದೇಶಕ್ಕೆ ದೇಶವೇ ಅದನ್ನೇ ಮಾತಾಡುತ್ತಿತ್ತು. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಹೆನ್ರಿ ಮರ್ರೆ ಮತ್ತು ಅವರ ಸಹೋದ್ಯೋಗಿ ವ್ಹೀಲರ್, ಈ ಮಗುವಿನ ಬಗ್ಗೆ ಯಾರಿಗೆ ಕನಸು ಬಿದ್ದಿದೆಯೋ ಅವರು ಬರೆದು ಕಳಿಸಿ ಅಂತ ಪತ್ರಿಕೆಯ ಮೂಲಕ ಕೇಳಿದರು. 1,300ಕ್ಕೂ ಹೆಚ್ಚು ಕನಸು ಬಂದವು. ಮೇ 12ರಂದು ಮಗುವಿನ ಶವ ಸಿಕ್ಕಿತು, ಕಾಡಿನ ಮರಗಳ ನಡುವೆ, ಅರ್ಧ ಮುಚ್ಚಿದ ಗುಂಡಿಯಲ್ಲಿ. ಆಮೇಲೆ ಕನಸುಗಳನ್ನು ತೆಗೆದು ನೋಡಿದರೆ ಮಗು ಸತ್ತಿದೆ ಅಂತ ಕಂಡಿದ್ದವು ನೂರಕ್ಕೆ ಐದರಷ್ಟು ಮಾತ್ರ. ಸಾವು, ಗುಂಡಿ, ಮರ ಮೂರನ್ನೂ ಹೇಳಿದ್ದ ಕನಸುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕನಸು ಕಂಡವರಿಗೆ ಆ ಮಗುವಿನ ಬಗ್ಗೆ ಭಯ ಇರಲಿಲ್ಲ ಅಂತಲ್ಲ, ಅಷ್ಟು ಸುದ್ದಿ ಓದಿದ ಮೇಲೆ ಯಾರಿಗೂ ಇರುತ್ತದೆ. ಈ ಕೆಲಸದ ಬೆಲೆ ಇರುವುದು ಒಂದೇ ವಿಷಯದಲ್ಲಿ: ಉತ್ತರ ಗೊತ್ತಾಗುವ ಮೊದಲೇ ಕನಸುಗಳು ಕಾಗದದ ಮೇಲೆ ಇದ್ದವು. ಆ ಚಿಕ್ಕಮ್ಮನ ಕನಸು ಅಜ್ಜನ ತಿಥಿ ಆದ ಮೇಲೆ ನಮಗೆ ಗೊತ್ತಾಗಿದ್ದು. ಅಷ್ಟರಲ್ಲಿ ನೆನಪು ಅದನ್ನು ಎಷ್ಟು ತಿದ್ದಿರುತ್ತದೋ ಅವರಿಗೂ ಗೊತ್ತಿರುವುದಿಲ್ಲ.

ಬೆಳಗಿನ ಜಾವದ ಕನಸು ನಿಜ ಆಗುತ್ತೆ ಅನ್ನುವ ಮಾತಿಗೂ ಇಂಥದ್ದೇ ಸರಳ ಕಾರಣ ಇದೆ. ಕಣ್ಣುಗುಡ್ಡೆ ಓಡಾಡುವ ನಿದ್ದೆಯ ಹಂತ ರಾತ್ರಿ ಸರಿದಂತೆ ಉದ್ದವಾಗುತ್ತಾ ಹೋಗುತ್ತದೆ. ಎದ್ದುಕಾಣುವ ಕನಸುಗಳು ಜಾಸ್ತಿ ಬೀಳುವುದು ಆಗಲೇ. ಬೆಳಗಿನ ಜಾವ ಅದರ ಮಧ್ಯದಲ್ಲೇ ಎಚ್ಚರ ಆಗುವುದರಿಂದ ನೆನಪೂ ಗಟ್ಟಿ ಉಳಿಯುತ್ತದೆ. ಹಲ್ಲು ಬೀಳುವ ಕನಸಿನ ಮೇಲೂ 2018ರಲ್ಲಿ ಇಸ್ರೇಲಿನ ಇಬ್ಬರು ಸಂಶೋಧಕರ ಕೆಲಸ ಬಂತು. ಎದ್ದಾಗ ಹಲ್ಲು, ವಸಡು, ದವಡೆ ಬಿಗಿಯಾಗಿರುವವರಿಗೆ ಈ ಕನಸು ಜಾಸ್ತಿ ಅಂತ ಅವರಿಗೆ ಕಂಡಿತು. ಮನೆಯಲ್ಲಿ ಸಾವು ಹುಡುಕುವ ಮೊದಲು ದಂತವೈದ್ಯರನ್ನು ನೋಡಬಹುದು ಅಷ್ಟೆ.

ಇಷ್ಟು ಹೊತ್ತಿಗೆ "ನೀವೆಲ್ಲ ಪಶ್ಚಿಮದ ಲೆಕ್ಕ ಹೇಳ್ತೀರಿ, ನಮ್ಮ ಶಾಸ್ತ್ರ ಬೇರೆ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಸರಿ, ಚರಕ ಸಂಹಿತೆಯನ್ನೇ ತೆಗೆಯೋಣ. ಅದರ ಇಂದ್ರಿಯಸ್ಥಾನ ಅನ್ನುವ ಭಾಗದಲ್ಲಿ ಸಾವಿನ ಲಕ್ಷಣಗಳ ಜೊತೆ ಕನಸಿನ ಮಾತೂ ಬರುತ್ತದೆ. ಕೆಲವು ಕನಸು ಕೇಡಿನ ಸೂಚನೆ ಅಂತ ಆ ಗ್ರಂಥ ಒಪ್ಪುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಅಲ್ಲೇ ಕನಸನ್ನು ಏಳು ಬಗೆ ಮಾಡಿದ್ದಾರೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ದೇಹದ ದೋಷದಿಂದ ಬಂದದ್ದು. ಇದರಲ್ಲಿ ಮೊದಲ ಐದಕ್ಕೂ ಫಲವೇ ಇಲ್ಲ ಅಂತ ವೈದ್ಯ ತಿಳಿಯಬೇಕು ಅಂತ ಸ್ಪಷ್ಟವಾಗಿ ಹೇಳಿದೆ. ಹಗಲು ಕಂಡದ್ದಕ್ಕೂ ಇಲ್ಲ, ತೀರಾ ಚಿಕ್ಕದಕ್ಕೂ ಇಲ್ಲ, ತೀರಾ ಉದ್ದದ್ದಕ್ಕೂ ಇಲ್ಲ.

ಅದಕ್ಕಿಂತ ಮುಖ್ಯವಾದ ಮಾತು ಅದೇ ಇಂದ್ರಿಯಸ್ಥಾನದ ಕೊನೆಯ ಅಧ್ಯಾಯದಲ್ಲಿದೆ. ಸಾವಿನ ಲಕ್ಷಣ ಕಣ್ಣಿಗೆ ಕಂಡರೂ, ಯಾರೂ ಕೇಳದೆ ಇದ್ದಾಗ ವೈದ್ಯ ಅದನ್ನು ಹೇಳಬಾರದು. ಕೇಳಿದರೂ, ಹೇಳಿದ್ದರಿಂದ ರೋಗಿಗೋ ಇನ್ನೊಬ್ಬರಿಗೋ ಘಾಸಿ ಆಗುವಂತಿದ್ದರೆ ಹೇಳಬಾರದು. ಯೋಚಿಸಿ, ಇದು ರೋಗಿಯ ಮೈ ಮುಟ್ಟಿ ನೋಡಿ, ವರ್ಷಗಟ್ಟಲೆ ಕಲಿತ ವೈದ್ಯನಿಗೆ ಹಾಕಿದ ಕಡಿವಾಣ. ಇವತ್ತಿನ ವೈದ್ಯರು ರೋಗಿಗೆ ನಿಜ ಹೇಳಬೇಕು ಅನ್ನುತ್ತಾರೆ, ಅದು ಸರಿ ಕೂಡ. ಆದರೆ ಅವರ ಕೈಯಲ್ಲಿ ಪರೀಕ್ಷೆಯ ವರದಿ ಇರುತ್ತದೆ, ಮುಂದಿನ ಚಿಕಿತ್ಸೆ ಇರುತ್ತದೆ. ಕನಸು ಕೇಳಿದವನ ಕೈಯಲ್ಲಿ ಎರಡೂ ಇಲ್ಲ.

ಈಗ ರೈಟರ್‌ನ ಹೆಂಡತಿಯ ಹತ್ತಿರ ವಾಪಸ್ ಹೋಗೋಣ. ಅವಳಿಗೆ ಬೇರೆ ರೀತಿ ಹೇಗೆ ಕಿವಿಗೊಡಬಹುದಿತ್ತು?

ಕನಸಿನ ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘದ ನೀತಿಯಲ್ಲಿ ಒಂದು ಮಾತಿದೆ: ಕನಸಿನ ಅರ್ಥದ ಬಗ್ಗೆ ಕೊನೆಯ ಮಾತು ಕಂಡವರದೇ. ಅಮೆರಿಕದ ಮನೋವೈದ್ಯ ಮೊಂಟೇಗ್ ಉಲ್ಮನ್ ಇದನ್ನು ಒಂದು ಕ್ರಮವನ್ನಾಗಿ ಮಾಡಿದರು. ಮೊದಲು ಕನಸನ್ನು ಪೂರ್ತಿ ಕೇಳಬೇಕು, ಮಧ್ಯೆ ಬಾಯಿ ಹಾಕಬಾರದು. ಆಮೇಲೆ ಕೇಳಿದವರು "ಇದು ನನ್ನ ಕನಸಾಗಿದ್ದರೆ" ಅಂತ ಶುರು ಮಾಡಿ ತಮಗೆ ಅನ್ನಿಸಿದ್ದನ್ನು ತಮ್ಮದಾಗಿಯೇ ಹೇಳಬೇಕು, ಕಂಡವರ ಮೇಲೆ ಹೇರಬಾರದು. ನಂತರ ಕನಸಿನ ಹಿಂದಿನ ಒಂದೆರಡು ದಿನ ಏನಾಗಿತ್ತು ಅಂತ ಕಂಡವರನ್ನೇ ಕೇಳಬೇಕು. ಅವರು ಬೇಡ ಅಂದ ಕಡೆ ನಿಲ್ಲಿಸಬೇಕು.

ಆ ಮೂರನೆಯ ಹೆಜ್ಜೆಯ ಪ್ರಶ್ನೆ ಕೇಳಿದ್ದರೆ ಸಾಕಿತ್ತು.

"ಈ ವಾರ ತಾಳಿ ಸರದ ವಿಷಯ ಏನಾದ್ರೂ ಬಂದಿತ್ತೇನಮ್ಮ?"

"ಬಂದಿತ್ತು ಅಣ್ಣ. ಮಗಳ ಕಾಲೇಜು ಫೀಸಿಗೆ ಅಂತ ಸೋಮವಾರ ಬ್ಯಾಂಕಲ್ಲಿ ಅಡ ಇಟ್ವಿ. ಈಗ ಅರಿಶಿನದ ದಾರದಲ್ಲಿ ಕಟ್ಕೊಂಡಿದೀನಿ."

"ಮನೆಯವರ ಜೊತೆ ಅದರ ಬಗ್ಗೆ ಮಾತಾಡಿದ್ರಾ?"

"ಎಲ್ಲಿ ಅಣ್ಣ, ಅವ್ರು ಕೈಗೆ ಸಿಕ್ಕಿದ್ರೆ ತಾನೆ? ಯಾವಾಗ ಬಿಡಿಸ್ಕೊಡ್ತೀರಿ ಅಂತ ಕೇಳೋಣ ಅಂತ ವಾರದಿಂದ ಕಾಯ್ತಿದೀನಿ."

ಸರ, ಕಾಫಿ, ಬೆನ್ನು ತಿರುಗಿಸಿ ಮೂಟೆ ಎಣಿಸುವ ಗಂಡ. ಎಲ್ಲವೂ ಆ ವಾರದ್ದೇ. ಚರಕದ ಲೆಕ್ಕದಲ್ಲೂ ಇದು ಕಂಡದ್ದು, ಅನುಭವಿಸಿದ್ದು, ಅಂದರೆ ಫಲ ಇಲ್ಲದ ಬಗೆ. ಆದರೆ ಫಲ ಇಲ್ಲ ಅಂದ ಮಾತ್ರಕ್ಕೆ ಕನಸಿಗೆ ಬೆಲೆ ಇಲ್ಲ ಅಂತಲ್ಲ. ಅವಳು ಹೇಳಲಾಗದೆ ಇಟ್ಟುಕೊಂಡ ಒಂದು ಪ್ರಶ್ನೆ ಅದರಲ್ಲಿತ್ತು. ಅದನ್ನು ಗಂಡನಿಗೆ ಕೇಳುವ ಹಾಗೆ ಮಾಡಿದ್ದರೆ ಕನಸು ಕೇಳಿದವರ ಕೆಲಸ ಮುಗಿಯುತ್ತಿತ್ತು. ಅದೇ ಕನಸು, ಅದೇ ಹೆಂಗಸು. ಒಂದು ಕಡೆ ಅವಳು ಅವನ ಫೋನ್ ನೋಡುತ್ತಾಳೆ, ಇನ್ನೊಂದು ಕಡೆ ಅವನ ಹತ್ತಿರ ಮಾತಾಡುತ್ತಾಳೆ.

ಎಲ್ಲ ಕನಸೂ ಇಷ್ಟು ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಎಷ್ಟೋ ಸಲ "ಇದು ಯಾಕೆ ಬಿತ್ತೋ ಗೊತ್ತಾಗ್ತಿಲ್ಲ" ಅಂತ ಹೇಳಿ ಕಳಿಸಬೇಕಾಗುತ್ತದೆ. ಹಾಗೆ ಹೇಳೋಕೆ ನಾಚಿಕೆಪಟ್ಟವರೇ ಕೊನೆಗೆ ಕೇಡು ನುಡಿಯುವುದು ಅಂತ ನನಗೆ ಅನ್ನಿಸುತ್ತದೆ.

ಒಂದು ಕಡೆ ಮಾತ್ರ ಸುಮ್ಮನಿರಬಾರದು. ಕೆಲವರು, ಅದರಲ್ಲೂ ಐವತ್ತು ದಾಟಿದ ಗಂಡಸರು, ಕನಸಿನಲ್ಲಿ ಹೊಡೆದಾಡುತ್ತಾ ನಿಜಕ್ಕೂ ಕೈಕಾಲು ಬೀಸುತ್ತಾರೆ, ಕೂಗುತ್ತಾರೆ, ಮಂಚದಿಂದ ಬೀಳುತ್ತಾರೆ. ಸಾಮಾನ್ಯವಾಗಿ ಕನಸಿನ ಹೊತ್ತಿನಲ್ಲಿ ಮೈ ಸಡಿಲವಾಗಿ ಬಿದ್ದಿರುತ್ತದೆ. ಇವರಲ್ಲಿ ಆ ತಡೆ ಕೆಲಸ ಮಾಡುವುದಿಲ್ಲ. ಇಂಥವರಲ್ಲಿ ಕೆಲವರಿಗೆ ಎಷ್ಟೋ ವರ್ಷ ಆದ ಮೇಲೆ ಪಾರ್ಕಿನ್ಸನ್‌ನಂಥ ನರರೋಗ ಬರುವುದು ವೈದ್ಯರಿಗೆ ಗೊತ್ತಿದೆ. ಕೆಲವು ಮಾತ್ರೆಗಳಿಂದಲೂ ನಿದ್ದೆಯಲ್ಲಿ ಹೀಗಾಗುತ್ತದೆ. ಇಲ್ಲಿ ಸುಳಿವು ಇರುವುದು ಕನಸಿನ ಕಥೆಯಲ್ಲಲ್ಲ, ಮಲಗಿದವರ ಕೈಕಾಲಿನಲ್ಲಿ. ಕನಸಲ್ಲಿ ನಾಯಿ ಬಂತೋ ಕಳ್ಳ ಬಂದನೋ ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಇಲ್ಲೂ ಕನಸು ಕೇಳಿದವರು ರೋಗದ ಹೆಸರು ಎತ್ತಬಾರದು. "ನಿದ್ದೆಯಲ್ಲಿ ಕೈ ಬೀಸ್ತೀರಿ ಅಂತ ಮನೆಯವರು ಹೇಳ್ತಾರಲ್ಲ, ಇದನ್ನ ನರರೋಗದ ಡಾಕ್ಟರಿಗೆ ಒಮ್ಮೆ ಹೇಳಿ, ಅಲ್ಲಿವರೆಗೆ ಮಂಚದ ಪಕ್ಕ ಚೂಪಾದ ಸಾಮಾನು ಇಡಬೇಡಿ, ಈಗ ತಗೊಳ್ತಿರೋ ಮಾತ್ರೆಗಳ ಪಟ್ಟಿನೂ ತಗೊಂಡು ಹೋಗಿ" ಅಂದರೆ ಸಾಕು.

ಇನ್ನು, ಯಾರೋ ಈಗಾಗಲೇ ನಿಮಗೆ ಕೇಡು ನುಡಿದುಬಿಟ್ಟಿದ್ದಾರೆ ಅಂತಾದರೆ? "ಅದನ್ನೆಲ್ಲ ನಂಬಬೇಡ" ಅಂತ ಮನೆಯವರು ಎಷ್ಟು ಹೇಳಿದರೂ ಭಯ ಹೋಗುವುದಿಲ್ಲ, ಯಾಕಂದರೆ ಅದು ವಾದದಿಂದ ಬಂದದ್ದಲ್ಲ. ಒಂದು ಹಾಳೆಯಲ್ಲಿ ಅವರು ಹೇಳಿದ ಮಾತನ್ನು ಹಾಗೇ ಬರೆದು ತಾರೀಕು ಹಾಕಿ: ಯಾರಿಗೆ, ಏನು, ಎಷ್ಟು ದಿನದೊಳಗೆ. ಬರೆಯುವಾಗಲೇ ಗೊತ್ತಾಗುತ್ತದೆ, ಅವರು ದಿನ ಹೇಳಿಲ್ಲ, ಹೆಸರು ಹೇಳಿಲ್ಲ, "ಮನೆಯಲ್ಲಿ ಯಾರಿಗೋ" ಅಂದಿದ್ದಾರೆ ಅಷ್ಟೆ. ಕಾಯಿಲೆ ಅಂದಿದ್ದರೆ ನಿಮ್ಮ ವಯಸ್ಸಿಗೆ ಹೇಗೂ ಮಾಡಿಸಬೇಕಾದ ಬಿಪಿ, ಶುಗರ್ ಒಂದು ಸಲ ಮಾಡಿಸಿ, ಡಾಕ್ಟರು ಸರಿ ಇದೆ ಅಂದ ಮೇಲೆ ಎರಡನೇ ಸಲ ಓಡಬೇಡಿ. ಗಂಡ ಹೆಂಡತಿ ವಿಷಯ ಅಂದಿದ್ದರೆ ಆ ಮಾತನ್ನು ಮೊದಲು ಕೇಳಬೇಕಾದವರು ಗಂಡನೋ ಹೆಂಡತಿಯೋ, ಅವರಿಗೇ ಹೇಳಿಬಿಡಿ. ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಅದೇ ಕನಸು ಮತ್ತೆ ಮತ್ತೆ ಬೀಳುತ್ತಿದೆ ಅಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.